ಚಾಟ್‌ನಲ್ಲಿ ಕಾರ್ಡ್ ನಂಬರ್ ಬಿದ್ದ ಮೇಲೆ

ಖಾತೆಯಿಂದ ದುಡ್ಡು ಹೋಗಿದೆ, ಆರ್ಡರ್ ಮಾತ್ರ ಆಗಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಸಂಕಟ ಇದು. ಆಗ ಅಂಗಡಿಯ ಆಪ್‌ನಲ್ಲಿ ಸಹಾಯದ ಗುಂಡಿ ಒತ್ತುತ್ತೇವೆ, ಚಾಟ್ ತೆರೆದುಕೊಳ್ಳುತ್ತದೆ, ಆ ಕಡೆಯಿಂದ ಪ್ರಶ್ನೆ ಬರುತ್ತದೆ: “ಪೇಮೆಂಟ್ ಮಾಡಿದ ಕಾರ್ಡ್ ವಿವರ ಕೊಡಿ.” ಕೇಳಿದವರಿಗೆ ಬೇಕಾಗಿದ್ದು ಕಾರ್ಡಿನ ಕೊನೆಯ ನಾಲ್ಕು ಅಂಕಿ. ಗಾಬರಿಯಲ್ಲಿರುವ ಗ್ರಾಹಕರು ಪರ್ಸಿನಿಂದ ಕಾರ್ಡ್ ತೆಗೆದು, ಕನ್ನಡಕ ಏರಿಸಿಕೊಂಡು, ಹದಿನಾರು ಅಂಕಿಯ ನಂಬರು, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ಸಿವಿವಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು ಕಳಿಸಿಬಿಡುತ್ತಾರೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಅಂಗಡಿ ನಿಜವಾದದ್ದು, ಚಾಟ್‌ನಲ್ಲಿ ಕೂತವರು ಸಂಬಳಕ್ಕೆ ದುಡಿಯುವ ಸಿಬ್ಬಂದಿ, ಗ್ರಾಹಕರು ದಡ್ಡರಲ್ಲ. ಆದರೂ ಗುಟ್ಟಾಗಿರಬೇಕಾದದ್ದು ಬಯಲಿಗೆ ಬಿದ್ದಿದೆ. ಪಾಸ್‌ವರ್ಡ್ ಬೀಳುವ ಬಗೆ ಇನ್ನೊಂದು. ಕಚೇರಿಯಲ್ಲಿ ಲಾಗಿನ್ ಪುಟ ತೆರೆದು ಟೈಪ್ ಮಾಡುತ್ತಿರುವಾಗಲೇ ಮೆಸೇಜ್ ಕಿಟಕಿ ಮುಂದೆ ಬರುತ್ತದೆ. ಕಣ್ಣು ಕೀಬೋರ್ಡಿನ ಮೇಲಿದ್ದರೆ ಪಾಸ್‌ವರ್ಡ್ ಹೋಗಿ ಕೂರುವುದು ಚಾಟ್‌ನ ಪೆಟ್ಟಿಗೆಯಲ್ಲಿ, ಎಂಟರ್ ಒತ್ತಿದೊಡನೆ ಅದು ಮೂವತ್ತು ಜನರ ಗುಂಪಿಗೆ ರವಾನೆ.

ಇಂಥ ಕ್ಷಣದಲ್ಲಿ ಎಲ್ಲರೂ ಮೊದಲು ಹುಡುಕುವುದು ಅಳಿಸುವ ದಾರಿಯನ್ನು. ಅಳಿಸಬೇಕು, ಸರಿ. ಆದರೆ ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳುವುದರಲ್ಲೇ ನಿಜವಾದ ತಪ್ಪು ಇದೆ.

ಅಂಗಡಿಯ ಚಾಟ್‌ನಲ್ಲಿ ಕಳಿಸಿದ ಸಾಲು ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ. ಮೊದಲು ಚಾಟ್ ತಂತ್ರಾಂಶದ ಕಂಪನಿಯ ಸರ್ವರಿಗೆ. ಬಹಳ ಸಲ ಅದು ಅಂಗಡಿಯದ್ದಲ್ಲ, ಬಾಡಿಗೆಗೆ ಪಡೆದ ಸೇವೆ. ಅಲ್ಲಿಂದ ಸಿಬ್ಬಂದಿಯ ಪರದೆಗೆ. ದೂರು ದಾಖಲಾಗಿದ್ದರೆ ಅದೇ ಸಂಭಾಷಣೆ ಟಿಕೆಟ್ಟಿನೊಳಗೆ ಸೇರುತ್ತದೆ, ಮುಂದಿನ ಪಾಳಿಯವರು ಓದುತ್ತಾರೆ, ಗುಣಮಟ್ಟ ಪರೀಕ್ಷಿಸುವ ತಂಡ ತೆಗೆದು ನೋಡುತ್ತದೆ. ಚಾಟ್ ಮುಗಿದ ಮೇಲೆ “ನಿಮ್ಮ ಸಂಭಾಷಣೆಯ ಪ್ರತಿ” ಎಂದು ಗ್ರಾಹಕರ ಇಮೇಲಿಗೆ ಒಂದು ನಕಲು ಹೋದರೂ ಹೋಗಬಹುದು. ಇದೆಲ್ಲದರ ಮೇಲೆ ರಾತ್ರಿ ಬ್ಯಾಕಪ್. ಪರದೆಯ ಮೇಲಿನ ಒಂದು ಸಾಲನ್ನು ಅಳಿಸಿದರೆ ಉಳಿದ ಪ್ರತಿಗಳು ತಾವಾಗಿ ಹೋಗುವುದಿಲ್ಲ.

ಹೆಚ್ಚಿನವರಿಗೆ ಗೊತ್ತಿರದ ಸಂಗತಿ ಇನ್ನೊಂದಿದೆ. ಗ್ರಾಹಕರು ಏನು ಟೈಪ್ ಮಾಡುತ್ತಿದ್ದಾರೆ ಎಂಬುದನ್ನು ಅವರು ಕಳಿಸುವ ಮುಂಚೆಯೇ ಆ ಕಡೆಯ ಸಿಬ್ಬಂದಿಗೆ ತೋರಿಸುವ ಸೌಲಭ್ಯ ಕೆಲವು ಚಾಟ್ ತಂತ್ರಾಂಶಗಳಲ್ಲಿದೆ. ಬೇಗ ಉತ್ತರ ತಯಾರಿಸಿಕೊಳ್ಳಲಿ ಎಂದು ಮಾಡಿದ ಏರ್ಪಾಡು. ಹಾಗಾಗಿ ಅರ್ಧ ಬರೆದು, ತಪ್ಪು ತಿಳಿದು, ಕಳಿಸದೆ ಅಳಿಸಿದ ಸಾಲನ್ನೂ ಯಾರೂ ನೋಡಿಲ್ಲ ಎಂದು ಖಚಿತವಾಗಿ ಹೇಳಲಾಗದು. ನನ್ನನ್ನು ಕೇಳಿದರೆ, ಗ್ರಾಹಕರಿಗೆ ತಿಳಿಸದೆ ಈ ಸೌಲಭ್ಯವನ್ನು ಬಳಸಲೇಬಾರದು.

ವಾಟ್ಸಾಪ್‌ನಲ್ಲಾದರೆ ‘ಡಿಲೀಟ್ ಫಾರ್ ಎವರಿವನ್’ ಇದೆಯಲ್ಲ ಎನ್ನಬಹುದು. ಕಳಿಸಿದ ಎರಡು ದಿನಗಳಿಗೂ ಸ್ವಲ್ಪ ಹೆಚ್ಚು ಕಾಲ ಅದಕ್ಕೆ ಅವಕಾಶವಿದೆ. ಆದರೆ ಅಷ್ಟರಲ್ಲಿ ಎದುರಿನವರ ಫೋನಿನಲ್ಲಿ ನೋಟಿಫಿಕೇಶನ್ ಬಂದು ಹೋಗಿರುತ್ತದೆ, ಓದಿದವರು ಓದಿರುತ್ತಾರೆ, ಸ್ಕ್ರೀನ್‌ಶಾಟ್ ತೆಗೆದವರು ತೆಗೆದಿರುತ್ತಾರೆ. ಸಂದೇಶ ದಾರಿಯಲ್ಲಿ ಹೋಗುವಾಗ ಗೂಢಲಿಪಿಯಲ್ಲಿರುತ್ತದೆ ಎಂಬುದು ನಿಜ. ಆದರೆ ಒಂದು ವ್ಯಾಪಾರಿ ಸಂಸ್ಥೆಯ ವಾಟ್ಸಾಪ್ ಖಾತೆಗೆ ಬರೆದಾಗ ಆ ತುದಿಯಲ್ಲಿ ಓದುವವರು ಒಬ್ಬರಲ್ಲ, ಹಲವರು.

ಹಾಗಾದರೆ ಮಾಡಬೇಕಾದ್ದೇನು? ಹೊರಬಿದ್ದ ನಂಬರನ್ನು ಹಿಂದಕ್ಕೆ ಪಡೆಯುವುದು ಯಾರ ಕೈಯಲ್ಲೂ ಇಲ್ಲ. ಅದನ್ನು ಕೆಲಸಕ್ಕೆ ಬಾರದಂತೆ ಮಾಡುವುದು ನಮ್ಮ ಕೈಯಲ್ಲಿದೆ. ಗ್ರಾಹಕರಿಗೆ ಈ ಒಂದು ವಿಷಯವನ್ನು ಬೇಗ, ಗಾಬರಿಪಡಿಸದೆ ಮುಟ್ಟಿಸುವುದೇ ಆ ಕಡೆ ಕೂತವರ ಕೆಲಸ. ಅದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ.

ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು 4,350 ರೂಪಾಯಿಯ ಮಿಕ್ಸಿಗೆ ಡೆಬಿಟ್ ಕಾರ್ಡಿನಲ್ಲಿ ಹಣ ಕಟ್ಟಿದ್ದಾರೆ, ಆರ್ಡರ್ ಬಿದ್ದಿಲ್ಲ ಎಂದಿಟ್ಟುಕೊಳ್ಳಿ. ರಾತ್ರಿ ಒಂಬತ್ತೂವರೆಗೆ ಚಾಟ್‌ನಲ್ಲಿ ಕಾರ್ಡಿನ ಪೂರ್ತಿ ವಿವರ ಬರೆದು ಕಳಿಸಿದ್ದಾರೆ. ಬೆಂಗಳೂರಿನ ಸಹಾಯ ಕೇಂದ್ರದಲ್ಲಿ ಕೂತ ಹುಡುಗ ಅದಕ್ಕೆ ಹೀಗೆ ಉತ್ತರಿಸಬಹುದು: “ಥ್ಯಾಂಕ್ಯೂ ಮೇಡಂ, ನಿಮ್ಮ ಕಾರ್ಡ್ ನಂಬರ್ ಇಷ್ಟೇ ಅಲ್ಲವೇ, ಕನ್ಫರ್ಮ್ ಮಾಡಿ” ಎಂದು ಹದಿನಾರೂ ಅಂಕಿಯನ್ನು ಮತ್ತೆ ಬರೆಯುವುದು. ವಿನಯವೇನೋ ಇದೆ. ಆದರೆ ಒಂದು ಕಡೆ ಬಿದ್ದಿದ್ದ ನಂಬರು ಈಗ ಎರಡು ಕಡೆ ಬಿತ್ತು. ಮೇಡಂ ಕಳಿಸಿದ್ದ ಸಾಲನ್ನು ಯಾರಾದರೂ ಆಮೇಲೆ ಮರೆಮಾಡಿದರೂ ಹುಡುಗ ಬರೆದ ಸಾಲು ಹಾಗೇ ಉಳಿಯುತ್ತದೆ. ಇಂಥ ಕಡತಗಳನ್ನು ಸ್ವಚ್ಛಗೊಳಿಸುವಾಗ ಕಣ್ತಪ್ಪುವುದು ಬಹುಪಾಲು ಇಂಥ ಮರುಪ್ರತಿಯೇ.

ಇನ್ನೊಂದು ಉತ್ತರ: “ಮೇಡಂ, ಹೀಗೆಲ್ಲ ಕಾರ್ಡ್ ಡೀಟೇಲ್ಸ್ ಶೇರ್ ಮಾಡಬಾರದು ಅಂತ ಗೊತ್ತಿಲ್ವಾ?” ಇದರಿಂದ ಆಗುವುದು ಒಂದೇ, ಮೇಡಂ ನಾಚಿಕೆಯಿಂದ ಚಾಟ್ ಮುಚ್ಚುತ್ತಾರೆ. ಮನೆಯಲ್ಲಿ ಮಗನಿಗೂ ಹೇಳುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡುವುದು ನಾಳೆಗೆ ಹೋಗುತ್ತದೆ.

ತಿಳಿದವರು ಬರೆಯುವ ಉತ್ತರ ಸುಮಾರು ಹೀಗಿರುತ್ತದೆ:

“ಮೇಡಂ, ದಯವಿಟ್ಟು ಇನ್ನು ಮುಂದೆ ಕಾರ್ಡ್ ನಂಬರ್, ಸಿವಿವಿ, ಒಟಿಪಿ ಯಾವುದನ್ನೂ ಇಲ್ಲಿ ಬರೆಯಬೇಡಿ. ನಿಮ್ಮ ಸಂದೇಶದಲ್ಲಿ ಕಾರ್ಡಿನ ಪೂರ್ತಿ ವಿವರ ಬಂದಿದೆ, ನಮಗೆ ಅದು ಬೇಕಾಗಿರಲಿಲ್ಲ. ನಾವು ಕೇಳಿದ ರೀತಿಯೂ ಸ್ಪಷ್ಟವಾಗಿರಲಿಲ್ಲ, ಕ್ಷಮಿಸಿ. ಅದನ್ನು ನಮ್ಮ ದಾಖಲೆಯಲ್ಲಿ ಮರೆಮಾಡಲು ಈಗಲೇ ಕಳಿಸಿದ್ದೇನೆ. ಆದರೂ ಎಲ್ಲಿಯೂ ಪ್ರತಿ ಉಳಿದಿಲ್ಲ ಎಂದು ಭರವಸೆ ಕೊಡಲಾರೆ. ಆದ್ದರಿಂದ ಮೊದಲು ನಿಮ್ಮ ಬ್ಯಾಂಕಿನ ಆಪ್‌ನಲ್ಲಿ ಈ ಕಾರ್ಡನ್ನು ಲಾಕ್ ಮಾಡಿ. ಆಪ್ ಇಲ್ಲದಿದ್ದರೆ ಕಾರ್ಡಿನ ಹಿಂಬದಿಯಲ್ಲಿರುವ ಬ್ಯಾಂಕಿನ ನಂಬರಿಗೆ ಫೋನ್ ಮಾಡಿ. ರೀಫಂಡ್ ಕೆಲಸ ನಾನು ಮುಂದುವರಿಸುತ್ತೇನೆ. ಅದಕ್ಕೆ ಹಣ ಕಟ್ಟಿದ ದಿನ ಮತ್ತು ಮೊತ್ತ ಸಾಕು.”

ಇದರಲ್ಲಿ ಮೊದಲ ವಾಕ್ಯವೇ ತಡೆ. ಅದಕ್ಕೆ ಕಾರಣವಿದೆ. ಗಾಬರಿಯಾದವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಕಾರ್ಡ್ ನಂಬರ್ ಸಾಲದೇನೋ ಎಂದು ಫೋನಿಗೆ ಬಂದಿದ್ದ ಒಟಿಪಿಯನ್ನೂ ಬರೆಯುತ್ತಾರೆ, ಕಾರ್ಡಿನ ಫೋಟೋ ಕಳಿಸುತ್ತಾರೆ. ಆಮೇಲೆ ಗಮನಿಸಿ, ಉತ್ತರದಲ್ಲಿ ಒಂದು ಅಂಕಿಯೂ ಇಲ್ಲ, ಕೊನೆಯ ನಾಲ್ಕು ಕೂಡ. ಬ್ಯಾಂಕಿನ ಫೋನ್ ನಂಬರನ್ನಾಗಲಿ ಲಿಂಕನ್ನಾಗಲಿ ಚಾಟ್‌ನಲ್ಲಿ ಕೊಟ್ಟಿಲ್ಲ. ಕೈಯಲ್ಲಿರುವ ಕಾರ್ಡಿನ ಹಿಂಬದಿ ನೋಡಿ ಎಂದಿದೆ. ಚಾಟ್‌ನಲ್ಲಿ ಬಂದ ನಂಬರಿಗೆ ಫೋನ್ ಮಾಡುವ ಅಭ್ಯಾಸ ಬೆಳೆದರೆ ನಾಳೆ ವಂಚಕ ಕೊಟ್ಟ ನಂಬರಿಗೂ ಫೋನ್ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟದ ವಾಕ್ಯ “ಭರವಸೆ ಕೊಡಲಾರೆ” ಎಂಬುದು. ಸಮಾಧಾನ ಹೇಳುವುದೇ ಸೇವೆ ಎಂದು ಕಲಿತ ಸಿಬ್ಬಂದಿಗೆ “ಚಿಂತೆ ಬೇಡ ಮೇಡಂ, ಡಿಲೀಟ್ ಮಾಡಿದ್ದೇವೆ, ಯು ಆರ್ ಸೇಫ್” ಎನ್ನುವುದು ಸುಲಭ. ಬ್ಯಾಕಪ್ಪಿನಲ್ಲಿ ಏನಿದೆ, ಇಮೇಲ್ ಪ್ರತಿ ಹೋಯಿತೇ ಎಂಬುದು ಆ ಹುಡುಗನಿಗೆ ಗೊತ್ತಿರುವುದಿಲ್ಲ. ಅವನ ಸಮಾಧಾನದ ಮಾತನ್ನು ನಂಬಿದ ಗ್ರಾಹಕರು ಕಾರ್ಡನ್ನು ಲಾಕ್ ಮಾಡದೆ ಮಲಗುತ್ತಾರೆ. ಒಳ್ಳೆಯ ಮಾತಿನಿಂದಲೇ ಕೆಡುಕಾಗುವುದು ಇಲ್ಲಿ.

ಉತ್ತರ ಬರೆದ ಮೇಲೆ ಪರದೆಯ ಹಿಂದಿನ ಕೆಲಸ ಬೇರೆ ಇದೆ. ಕಾರ್ಡ್ ವ್ಯವಹಾರ ನಡೆಸುವ ಸಂಸ್ಥೆಗಳಿಗೆ ಪಿಸಿಐ ಡಿಎಸ್ಎಸ್ ಎಂಬ ಜಾಗತಿಕ ಸುರಕ್ಷತಾ ಮಾನದಂಡ ಅನ್ವಯಿಸುತ್ತದೆ. ಅದರ ಪ್ರಕಾರ ವ್ಯವಹಾರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಸಿವಿವಿಯನ್ನು ಇಟ್ಟುಕೊಳ್ಳುವಂತಿಲ್ಲ, ಗೂಢಲಿಪಿಯಲ್ಲಿ ಕೂಡ. ಭಾರತದಲ್ಲಂತೂ ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಗ್ರಾಹಕರ ಕಾರ್ಡ್ ನಂಬರನ್ನೇ ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ; ಬದಲಿಗೆ ಟೋಕನ್ ಬಳಸಬೇಕು. ಇಷ್ಟೆಲ್ಲ ಕಟ್ಟುಪಾಡು ಹಾಕಿ ಮುಂಬಾಗಿಲಲ್ಲಿ ತಡೆದ ನಂಬರು ಚಾಟ್ ಎಂಬ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕೂತಿದೆ. ಅದಕ್ಕೇ ಆ ಸಂದೇಶವನ್ನು ಟಿಕೆಟ್ಟಿನಲ್ಲಿ ರಿಡ್ಯಾಕ್ಟ್ ಮಾಡಬೇಕು, ಅಂದರೆ ಅಂಕಿಗಳ ಜಾಗದಲ್ಲಿ ಚುಕ್ಕಿ ಬರುವಂತೆ ಶಾಶ್ವತವಾಗಿ ಬದಲಿಸಬೇಕು. ಮೇಲಿನವರಿಗೆ ತಿಳಿಸಬೇಕು. ತಿಳಿಸುವಾಗ ಟಿಕೆಟ್ ಸಂಖ್ಯೆ ಬರೆದರೆ ಸಾಕು, “ಇದು ಬಂದಿದೆ ನೋಡಿ ಸಾರ್” ಎಂದು ಸ್ಕ್ರೀನ್‌ಶಾಟ್ ಅಂಟಿಸಿದರೆ ಮತ್ತೊಂದು ಪ್ರತಿ ಹುಟ್ಟಿತು. ಹಲವು ಸಹಾಯ ಕೇಂದ್ರಗಳಲ್ಲಿ ಮೇಜಿನ ಮೇಲೆ ಪೆನ್ನು, ಕಾಗದ, ಸ್ವಂತ ಮೊಬೈಲ್ ಇಡಲು ಬಿಡದಿರುವುದೂ ಇದೇ ಕಾರಣಕ್ಕೆ.

ಇದನ್ನೆಲ್ಲ ಯಂತ್ರವೇ ತಡೆಯಬಹುದಲ್ಲ? ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕಾರ್ಡ್ ನಂಬರಿನಲ್ಲಿ ಒಂದು ಲೆಕ್ಕ ಅಡಗಿದೆ. ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದ ಲೆಕ್ಕ ಅದು. ತಂತ್ರಾಂಶ ಪರೀಕ್ಷಿಸುವವರು ಬಳಸುವ ಡಮ್ಮಿ ನಂಬರ್ 4111 1111 1111 1111 ತೆಗೆದುಕೊಳ್ಳಿ. ಬಲತುದಿಯ ಅಂಕಿಯನ್ನು ಹಾಗೇ ಬಿಟ್ಟು, ಎಡಕ್ಕೆ ಸಾಗುತ್ತ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ. ಇಮ್ಮಡಿ ಮಾಡಿದಾಗ ಎರಡಂಕಿ ಬಂದರೆ ಅವೆರಡನ್ನೂ ಕೂಡಿ ಒಂದೇ ಅಂಕಿ ಮಾಡಬೇಕು. ಇಲ್ಲಿ ಆ ತೊಂದರೆ ಇಲ್ಲ. 4 ಎಂಟಾಗುತ್ತದೆ, ಏಳು ಒಂದುಗಳು ಎರಡೆರಡಾಗಿ ಹದಿನಾಲ್ಕು, ಉಳಿದ ಎಂಟು ಒಂದುಗಳು ಎಂಟು. ಒಟ್ಟು 30. ಹತ್ತರಿಂದ ಭಾಗವಾದರೆ ಅದು ಕಾರ್ಡ್ ನಂಬರಿನ ಲಕ್ಷಣ. ಚಾಟ್ ತಂತ್ರಾಂಶ ಉದ್ದದ ಅಂಕಿ ಕಂಡೊಡನೆ ಈ ಲೆಕ್ಕ ಹಾಕಿ ನಂಬರನ್ನು ತಾನೇ ಮುಚ್ಚುತ್ತದೆ.

ಆದರೆ ಅದಕ್ಕೂ ಮಿತಿಗಳಿವೆ. ಗ್ರಾಹಕರು ಎಂಟೆಂಟು ಅಂಕಿಯನ್ನು ಎರಡು ಸಂದೇಶಗಳಲ್ಲಿ ಕಳಿಸಿದರೆ ಲೆಕ್ಕ ತಪ್ಪುತ್ತದೆ. ಕಾರ್ಡಿನ ಫೋಟೋ ಕಳಿಸಿದರೆ ಅಲ್ಲಿ ಓದಲು ಅಕ್ಷರವೇ ಇಲ್ಲ. ೪೧೧೧ ಎಂದು ಕನ್ನಡ ಅಂಕಿಗಳಲ್ಲಿ ಬರೆದರೆ, ಇಂಗ್ಲಿಷ್ ಅಂಕಿಯನ್ನಷ್ಟೇ ಹುಡುಕುವಂತೆ ಕಟ್ಟಿದ ಶೋಧಕಕ್ಕೆ ಅದು ನಂಬರೇ ಅಲ್ಲ. ಇನ್ನೊಂದು ಬದಿಗೆ, ಯಾದೃಚ್ಛಿಕವಾದ ಹದಿನಾರಂಕಿಯ ಸಂಖ್ಯೆಗಳಲ್ಲಿ ಹತ್ತಕ್ಕೊಂದು ಈ ಲೆಕ್ಕಕ್ಕೆ ಕೂಡಿಬರುತ್ತದೆ, ಹಾಗಾಗಿ ಪಾಪದ ಆರ್ಡರ್ ನಂಬರು ಕೂಡ ಕೆಲವೊಮ್ಮೆ ಮುಚ್ಚಿಹೋಗುತ್ತದೆ. ಮೂರಂಕಿಯ ಸಿವಿವಿಗೆ ಯಾವ ಲಕ್ಷಣವೂ ಇಲ್ಲ. ಪಾಸ್‌ವರ್ಡಿಗಂತೂ ಕೇಳಲೇಬೇಡಿ, ಊರಿನ ಹೆಸರಿನ ಮುಂದೆ ಹುಟ್ಟಿದ ವರ್ಷ ಬರೆದದ್ದು ಪಾಸ್‌ವರ್ಡೋ ಮಾತೋ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಅಲ್ಲಿ ನೋಡಿ ಹೇಳುವ ಮನುಷ್ಯರೇ ಬೇಕು.

ಇನ್ನು ಗ್ರಾಹಕರ ಕಡೆಗೆ ಬರೋಣ. ನಂಬರು, ಅವಧಿ, ಸಿವಿವಿ ಮೂರೂ ಹೋದರೂ ಒಟಿಪಿ ಇಲ್ಲದೆ ಏನೂ ಮಾಡಲಾಗದು ಎಂಬ ಧೈರ್ಯ ನಮ್ಮಲ್ಲಿ ಅನೇಕರಿಗಿದೆ. ದೇಶದೊಳಗಿನ ಆನ್‌ಲೈನ್ ಖರೀದಿಯ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ವಿದೇಶದ ಎಷ್ಟೋ ವೆಬ್‌ಸೈಟುಗಳು ಒಟಿಪಿ ಕೇಳುವುದಿಲ್ಲ; ಈ ಮೂರಿದ್ದರೆ ಅಲ್ಲಿ ಹಣ ಕಡಿತವಾಗಬಹುದು. ಅದಕ್ಕೇ ರಿಸರ್ವ್ ಬ್ಯಾಂಕ್ 2020ರಲ್ಲಿ ಒಂದು ನಿಯಮ ತಂದಿತು: ಅಂತರರಾಷ್ಟ್ರೀಯ ಬಳಕೆ, ಆನ್‌ಲೈನ್ ಬಳಕೆ, ಮಿತಿ ಇವನ್ನೆಲ್ಲ ಗ್ರಾಹಕರೇ ಆನ್, ಆಫ್ ಮಾಡುವಂತಿರಬೇಕು. ಬ್ಯಾಂಕಿನ ಆಪ್‌ನಲ್ಲಿ ಕಾರ್ಡ್ ವಿಭಾಗ ತೆರೆದರೆ ಈ ಸ್ವಿಚ್ಚುಗಳು ಸಿಗುತ್ತವೆ. ನಮ್ಮ ಮೇಡಂ ಮೊದಲು ಮಾಡಬೇಕಾದ್ದು ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡುವುದು. ಅದು ಅರೆ ನಿಮಿಷದ ಕೆಲಸ, ಬೇಕೆಂದಾಗ ತೆಗೆಯಲೂಬಹುದು.

ಆದರೆ ಲಾಕ್ ತಾತ್ಕಾಲಿಕ ಉಪಾಯವಷ್ಟೇ. ಸಿವಿವಿ ಕೂಡ ಹೋಗಿದ್ದರೆ ಕಾರ್ಡನ್ನು ಕಾಯಮ್ಮಾಗಿ ಬ್ಲಾಕ್ ಮಾಡಿಸಿ ಹೊಸದನ್ನು ಪಡೆಯುವುದೇ ಸರಿ. ಕಾರ್ಡಿನ ಮೇಲೆ ಅಚ್ಚಾದ ಸಿವಿವಿಯನ್ನು ಮಾತ್ರ ಬದಲಿಸಿ ಕೊಡುವ ಪದ್ಧತಿ ಇಲ್ಲ. ಜನ ಹಿಂಜರಿಯುವುದು ಇಲ್ಲಿಯೇ. ಹೊಸ ಕಾರ್ಡ್ ಬರಲು ದಿನ ಹಿಡಿಯುತ್ತದೆ, ಹಳೆಯದಕ್ಕೆ ಜೋಡಿಸಿದ್ದ ಆಟೋಪೇ ಮತ್ತೆ ನೋಂದಾಯಿಸಬೇಕು, ಬರಬೇಕಾದ ರೀಫಂಡ್ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ. ರೀಫಂಡಿನ ಭಯ ಬೇಡ. ಬ್ಯಾಂಕಿನಲ್ಲಿ ಖಾತೆ ಇರುವವರೆಗೆ ಹಳೆಯ ಕಾರ್ಡಿಗೆ ಬಂದ ರೀಫಂಡನ್ನು ಸಾಮಾನ್ಯವಾಗಿ ಖಾತೆಗೇ ಜಮಾ ಮಾಡುತ್ತಾರೆ. ಇನ್ನೊಂದು ಮಾತು: ಹಣ ಕಡಿತವಾಗಿ ಅಂಗಡಿಗೆ ಖಚಿತಪಡಿಸುವ ಮಾಹಿತಿ ತಲುಪದಿದ್ದರೆ, 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನದಿಂದ ಐದು ದಿನದೊಳಗೆ ಅದು ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಮೇಡಂ ಅಷ್ಟು ಗಾಬರಿಯಾಗಿ ಕಾರ್ಡ್ ತೆಗೆಯುವ ಅಗತ್ಯವೇ ಇರಲಿಲ್ಲ.

ಹೋದದ್ದು ಪಾಸ್‌ವರ್ಡ್ ಆದರೆ ಅದನ್ನು ತಕ್ಷಣ ಬದಲಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಬದಲಿಸಿದ ಮೇಲೆ ಉಳಿಯುವ ಎರಡು ಕೆಲಸಗಳನ್ನು ಮರೆಯುತ್ತಾರೆ. ಆ ಪಾಸ್‌ವರ್ಡ್ ಬಳಸಿ ಯಾರಾದರೂ ಆಗಲೇ ಒಳಗೆ ಬಂದಿದ್ದರೆ, ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ಎಲ್ಲ ಸೇವೆಗಳೂ ಅವರನ್ನು ಹೊರಗೆ ಹಾಕುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಲಾಗಿನ್ ಆಗಿರುವ ಫೋನು, ಕಂಪ್ಯೂಟರುಗಳ ಪಟ್ಟಿ ನೋಡಿ ಎಲ್ಲ ಕಡೆಯಿಂದಲೂ ಲಾಗ್‌ಔಟ್ ಮಾಡಬೇಕು. ಎರಡನೆಯದು, ಅದೇ ಪಾಸ್‌ವರ್ಡನ್ನು ಬೇರೆಲ್ಲಿ ಇಟ್ಟಿದ್ದೀರಿ ಎಂಬುದು. ಇಮೇಲಿಗೂ ಅದೇ ಇದ್ದರೆ ಮೊದಲು ಬದಲಿಸಬೇಕಾದ್ದು ಅದನ್ನೇ. ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಲಿಂಕುಗಳೆಲ್ಲ ಬರುವುದು ಅಲ್ಲಿಗೇ. ‘ಕೊನೆಯ ಅಂಕಿ ಒಂದು ಹೆಚ್ಚು ಮಾಡಿದರಾಯಿತು’ ಎನ್ನುವ ಜಾಣತನ ಬೇಡ. ಹಳೆಯದನ್ನು ಕಂಡವರು ಮೊದಲು ಊಹಿಸುವುದು ಅದನ್ನೇ.

ನಷ್ಟವಾದರೆ ಯಾರು ಹೊರಬೇಕು? 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದನ್ನು ವಿಂಗಡಿಸಿತು. ಬ್ಯಾಂಕಿನದ್ದೂ ತಪ್ಪಿಲ್ಲ, ಗ್ರಾಹಕರದ್ದೂ ತಪ್ಪಿಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಸೋರಿಕೆಯಾಗಿದೆ ಎಂದರೆ ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ಹೊಣೆ ಇಲ್ಲ. ಆದರೆ ಗ್ರಾಹಕರೇ ಗುಟ್ಟಿನ ವಿವರವನ್ನು ಇನ್ನೊಬ್ಬರಿಗೆ ಕೊಟ್ಟಿದ್ದರಿಂದ ನಷ್ಟವಾಯಿತು ಎಂದಾದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವರದ್ದೇ. ತಿಳಿಸಿದ ನಂತರದ್ದು ಬ್ಯಾಂಕಿನದ್ದು. ಚಾಟ್‌ನಲ್ಲಿ ತಾವೇ ಬರೆದ ಪ್ರಕರಣ ಎರಡನೆಯ ಬದಿಗೆ ಹೋಗುವ ಸಂಭವವೇ ಹೆಚ್ಚು. ಅಂದರೆ ಎಲ್ಲವೂ ನಿಂತಿರುವುದು ಬ್ಯಾಂಕಿಗೆ ತಿಳಿಸಿದ ಹೊತ್ತಿನ ಮೇಲೆ. ಅಂಗಡಿಯ ಚಾಟ್‌ನಲ್ಲಿ ತಿಳಿಸಿದರೆ ಬ್ಯಾಂಕಿಗೆ ತಿಳಿಸಿದಂತಾಗುವುದಿಲ್ಲ. ಎಚ್ಚರದ ಉತ್ತರ ಗ್ರಾಹಕರನ್ನು ಚಾಟ್‌ನಲ್ಲಿ ಮಾತಾಡಿಸುತ್ತ ಕೂರಿಸದೆ ನೇರ ಬ್ಯಾಂಕಿನ ಕಡೆ ಕಳಿಸುವುದು ಇದಕ್ಕಾಗಿಯೇ.

ಕೊನೆಯದಾಗಿ, ಉತ್ತರ ಬರೆಯುತ್ತಿರುವವರು ಅಂಗಡಿಯವರೇ ಹೌದೋ ಎಂಬ ಅನುಮಾನ. ಹುಡುಕಾಟದಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ವಾಟ್ಸಾಪ್ ಮಾಡಿದವರು, ಸಾಮಾಜಿಕ ಜಾಲತಾಣದಲ್ಲಿ ಬ್ಯಾಂಕಿನ ಮೇಲೆ ದೂರು ಹಾಕಿದ ಮೇಲೆ ಬಂದ ಸಂದೇಶಕ್ಕೆ ಉತ್ತರಿಸಿದವರು ಇದನ್ನು ಕೇಳಿಕೊಳ್ಳಲೇಬೇಕು. ಪತ್ತೆ ಸುಲಭ. ಕಾರ್ಡ್ ವಿವರ ಕಂಡೊಡನೆ ನಿಜವಾದ ಸಿಬ್ಬಂದಿ ಇನ್ನೇನೂ ಬರೆಯಬೇಡಿ ಎನ್ನುತ್ತಾರೆ. ವಂಚಕರು ಇನ್ನೊಂದೇ ಒಂದು ಬೇಕು ಎನ್ನುತ್ತಾರೆ. ರೀಫಂಡ್ ಕಳಿಸಲು ಒಟಿಪಿ, ಪರದೆ ತೋರಿಸುವ ಆಪ್, ಯುಪಿಐ ಪಿನ್ ಯಾವುದೂ ಬೇಕಾಗುವುದಿಲ್ಲ. ಹಣ ಆಗಲೇ ಹೋಗಿದ್ದರೆ ಬ್ಯಾಂಕಿನ ಜೊತೆಗೆ 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ದಾಖಲಿಸಿ.

ಸಹಾಯ ಕೇಂದ್ರಗಳನ್ನು ನಡೆಸುವವರಿಗೆ ಒಂದು ವಿನಂತಿ. ನಿಮ್ಮ ಸಿಬ್ಬಂದಿಗೆ ಸಿದ್ಧವಾಗಿ ಕೊಟ್ಟಿರುವ ವಾಕ್ಯಗಳಲ್ಲಿ “ಕಾರ್ಡ್ ವಿವರ ಕೊಡಿ” ಎಂಬುದು ಇನ್ನೂ ಇದ್ದರೆ ತೆಗೆದುಹಾಕಿ, ಅದರ ಬದಲು “ಕಾರ್ಡಿನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯಿರಿ, ಉಳಿದದ್ದು ಬೇಡ” ಎಂದು ಹಾಕಿ. ಗ್ರಾಹಕರಿಗೂ ಅಷ್ಟೇ: ಬ್ಯಾಂಕಿಗೆ ಫೋನ್ ಮಾಡಿದಾಗ ಅವರು ಕೊಡುವ ದೂರಿನ ಸಂಖ್ಯೆಯನ್ನು, ಫೋನ್ ಮಾಡಿದ ಹೊತ್ತಿನ ಸಮೇತ ಬರೆದಿಟ್ಟುಕೊಳ್ಳಿ. ದೂರು ಬಂದೊಡನೆ ಆ ಸಂಖ್ಯೆ ಕೊಡಬೇಕಾದ್ದು ಬ್ಯಾಂಕಿನ ಕರ್ತವ್ಯ ಎಂದು 2017ರ ಅದೇ ಸುತ್ತೋಲೆ ಹೇಳಿದೆ.